ಎರಡು ಜಾತಕದ ನಡುವಿನ ಶನಿ: ಗಟ್ಟಿ ಬಂಧ, ಉಸಿರುಗಟ್ಟೋ ಬಂಧ (ನನ್ನ ಅನುಭವ)

ಒಬ್ಬರ ಶನಿ ಇನ್ನೊಬ್ಬರ ಚಂದ್ರನ ಮೇಲೆ ಕೂತ್ರೆ ಏನು ಹೇಳ್ಬೇಕು ಅಂತ ಕೇಳಿದ್ರೆ ನಮ್ಮ ಜ್ಯೋತಿಷಿಗಳಲ್ಲೇ ಎರಡು ಗುಂಪು. ಒಂದು ಗುಂಪು "ಬಿಡಿಸಲಾಗದ ಗಂಟು, ಕೊನೆತನಕ ಇರ್ತಾರೆ" ಅನ್ನುತ್ತೆ, ಇನ್ನೊಂದು "ಜೈಲು, ಬೇಡ" ಅನ್ನುತ್ತೆ. ನಾನು ಎರಡನ್ನೂ ಹೇಳಿ ನೋಡಿದೀನಿ. ಗಟ್ಟಿ ಬಂಧ ಅಂತ ಹೇಳಿಸ್ಕೊಂಡವರು ಆಮೇಲೆ ಫೋನ್ ಮಾಡಿ "ಉಸಿರಾಡೋಕೆ ಆಗ್ತಿಲ್ಲ, ನೀವು ಇದನ್ನ ಹೇಳ್ಲೇ ಇಲ್ವಲ್ಲ" ಅಂತ ಬೈದ್ರು, ಜೈಲು ಅಂತ ಹೇಳಿಸ್ಕೊಂಡವರು ಮುಖ ಸಣ್ಣ ಮಾಡ್ಕೊಂಡು ಹೋದ್ರು, ಅದರಲ್ಲಿ ಒಂದಿಬ್ಬರಿಗೆ ಫೀಸು ವಾಪಸ್ ಕೊಟ್ಟಿದ್ದೂ ಉಂಟು. ಎರಡು ಮೂರು ವರ್ಷ ಈ ಒಂದು ವಿಷಯದಲ್ಲಿ ನನಗೆ ಬಂದಿದ್ದಕ್ಕಿಂತ ಹೋಗಿದ್ದೇ ಜಾಸ್ತಿ, ಹೊಸ ಸಾಫ್ಟ್‌ವೇರ್‌ಗೆ ಸುರಿದಿದ್ದು ಬೇರೆ.

ಈಗ ನಾನು ಯಾವುದೇ ಒಂದನ್ನ ಆರಿಸಲ್ಲ. ಶನಿ ಯಾರ ಜಾತಕದ್ದು, ಅದು ಯಾರ ಚಂದ್ರನಿಗೆ ತಾಗ್ತಿದೆ ಅಂತ ನೋಡಿ ಇಬ್ಬರಿಗೂ ಬೇರೆ ಬೇರೆ ಫಲ ಹೇಳ್ತೀನಿ. ಶನಿ ಇರೋವರಿಗೆ ಅದು ಜವಾಬ್ದಾರಿ, ಚಂದ್ರ ಇರೋವರಿಗೆ ಅದೇ ತೂಕ. ಒಂದೇ ಸಂಬಂಧವನ್ನ ಒಬ್ಬರು "ನಾನು ಬಿಟ್ಟು ಹೋಗಲ್ಲ" ಅಂತ ಅನುಭವಿಸ್ತಾರೆ, ಇನ್ನೊಬ್ಬರು "ನನ್ನನ್ನ ಬಿಡ್ತಿಲ್ಲ" ಅಂತ. ಇದನ್ನ ಹೇಳಿದಾಗ ಗೊತ್ತಿರೋ ಹಿರಿಯರೊಬ್ಬರು ನಕ್ಕಿದ್ರು, ಒಂದೇ ಗ್ರಹಕ್ಕೆ ಎರಡು ಫಲ ಹೇಳೋದು ತಪ್ಪಿಸ್ಕೊಳ್ಳೋ ದಾರಿ ಅಂತ. ಆದ್ರೆ ಎರಡು ಫಲವನ್ನ ನಾನೇನು ಹುಟ್ಟಿಸಿದ್ದಲ್ಲವಲ್ಲ, ಆಯುಷ್ಕಾರಕನೂ ಶನಿಯೇ, ದುಃಖಕಾರಕನೂ ಶನಿಯೇ. ಏಳನೇ ಮನೇಲಿ ಶನಿಗೆ ದಿಗ್ಬಲ, ಆದ್ರೂ ಅಲ್ಲೇ ಕೂತ್ರೆ ಮದುವೆ ತಡ ಅಂತಾನೂ ನಾವೇ ಹೇಳೋದು. ಉಚ್ಚ ಆಗೋದು ಎಲ್ಲಿ, ಕೊಟ್ಟು ತಗೊಳ್ಳೋ ಲೆಕ್ಕದ ರಾಶಿ ತುಲಾದಲ್ಲಿ. ಬರಿಗಣ್ಣಿಗೆ ಕಾಣೋ ಗ್ರಹಗಳಲ್ಲಿ ಕೊನೆಯದು, ನಿಧಾನದ್ದು, ಸುತ್ತು ಮುಗಿಸೋಕೆ 29 ವರ್ಷ ಚಿಲ್ಲರೆ ಬೇಕು, ಹಾಗಾಗಿ ಹಳಬರು ಅದನ್ನ ಎಲ್ಲೆ ಅಂತಲೇ ಓದಿದ್ರು. ಕಾಂಪೌಂಡ್ ಗೋಡೆ ಕಾಯೋದೂ ಅದೇ, ಆಚೆ ಬಿಡದೇ ಇರೋದೂ ಅದೇ.

ಇದರ ಮಧ್ಯೆ ಒಂದು ಪ್ರಯೋಗ ಮಾಡಿದೆ, ಯಾರೂ ಮಾಡಲ್ಲ ಅನ್ಸುತ್ತೆ, ಮಾಡಿದ್ರೂ ಹೇಳಲ್ಲ. ನನ್ನ ಫೈಲಲ್ಲಿದ್ದ ಬಹಳ ವರ್ಷದಿಂದ ಒಟ್ಟಿಗಿರೋ ಜೋಡಿಗಳನ್ನ ತಗೊಂಡು ಶನಿ ಸಂಬಂಧ ಎಣಿಸಿದೆ, ನೂರಕ್ಕೆ ಅರವತ್ತರ ಹತ್ರ ಬಂತು, ಖುಷಿಯಾಯ್ತು. ಆಮೇಲೆ ಅದೇ ಗಂಡಂದಿರನ್ನ ಬೇರೆ ಬೇರೆ ಹೆಂಡತಿಯರ ಜಾತಕಕ್ಕೆ ಕಲಸಿ ಜೋಡಿಸಿ ಎಣಿಸಿದೆ. ಹೆಚ್ಚುಕಮ್ಮಿ ಅಷ್ಟೇ ಬಂತು! ಕೂತು ಲೆಕ್ಕ ಹಾಕಿದ್ರೆ ಅದು ಹಾಗೇ ಬರಬೇಕು. ಐದು ಡಿಗ್ರಿ ಅಂತರ ಬಿಟ್ಟು ಯುತಿ, ಎದುರು, ಎರಡೂ ಪಕ್ಕದ 90 ಹಿಡಿದ್ರೆ ಒಂದು ಗ್ರಹಕ್ಕೆ 360ರಲ್ಲಿ 40 ಡಿಗ್ರಿ ಸಿಗುತ್ತೆ, ಅಂದ್ರೆ ಒಂಬತ್ತರಲ್ಲಿ ಒಂದು. ರವಿ, ಚಂದ್ರ, ಶುಕ್ರ, ಲಗ್ನ ಅಂತ ನಾಲ್ಕು ನೋಡಿ, ಅದನ್ನೂ ಎರಡೂ ಕಡೆಯಿಂದ ನೋಡಿದ್ರೆ ಎಂಟು ಅವಕಾಶ, ರಸ್ತೇಲಿ ಹೋಗೋ ಯಾವ ಇಬ್ಬರನ್ನ ಹಿಡಿದ್ರೂ ನೂರಕ್ಕೆ 60 ಸಲ ಎಲ್ಲಾದ್ರೂ ಒಂದು ಶನಿ ತಾಗೇ ತಾಗುತ್ತೆ. ಒಟ್ಟಿಗೆ ಉಳಿದ ಜೋಡಿಗೆ "ನೋಡಿ ಶನಿ ಹಿಡಿದಿಟ್ಟಿದೆ", ಮುರಿದ ಜೋಡಿಗೆ "ನೋಡಿ ಶನಿ ಒಡೆದಿದೆ". ಎರಡು ಗುಂಪಿಗೂ ಸಾಕ್ಷಿ ಸಿಗ್ತಾ ಇರೋದು ಹೀಗೆ.

ಹಾಗಾಗಿ ಎಲ್ಲ ಕತ್ತರಿಸಿದೆ. ಈಗ ಬರೀ ಯುತಿ ಮತ್ತು ಏಳನೇ ದೃಷ್ಟಿ, ಅದೂ ಮೂರು ಡಿಗ್ರಿ ಒಳಗೆ, ಅದೂ ಚಂದ್ರ ಮತ್ತು ಲಗ್ನಕ್ಕೆ ಮಾತ್ರ. ಆಗ ನೂರು ಜೋಡಿಲಿ 13 ಅಷ್ಟೇ ಉಳಿಯುತ್ತೆ, ಬಾಯಿ ಬಿಟ್ಟು ಹೇಳೋಕೆ ಒಂದು ಅರ್ಥ ಇರುತ್ತೆ. ಶನಿಯ ಮೂರು ಮತ್ತು ಹತ್ತನೇ ದೃಷ್ಟಿನೂ ಸ್ವಲ್ಪ ದಿನ ಸೇರಿಸಿ ನೋಡಿದೆ, ಹತ್ತನೇದು ಕೆಲಸದ ವಿಷಯದ ಜಗಳಕ್ಕೆ ಹೊಂದುತ್ತೆ ಅನ್ಸಿತ್ತು, ಆದ್ರೆ ಒಂದು ಸಲ ಹೊಂದಿದ್ದು ಇನ್ನೊಂದು ಸಲ ಹೊಂದಲಿಲ್ಲ, ಬಿಟ್ಟೆ. ಲಗ್ನ ನಂಬೋ ಮುಂಚೆ ಹುಟ್ಟಿದ ಟೈಮ್ ನೋಡ್ಕೊಳ್ಳಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತೆ, ಕಾಲು ಗಂಟೆ ತಪ್ಪಿದ್ರೆ ನನ್ನ ಮೂರು ಡಿಗ್ರಿ ಹೋಯ್ತು. ಚಂದ್ರ ಗಂಟೆಗೆ ಅರ್ಧ ಡಿಗ್ರಿ ಅಷ್ಟೇ, ಧೈರ್ಯವಾಗಿ ಹಿಡೀಬಹುದು. ಲಗ್ನ ಅನುಮಾನ ಬಂದಾಗ ನಾನು ಕೇಳೋ ಎರಡು ಪ್ರಶ್ನೆ ಇದಾವೆ, ಅದು ಇಲ್ಲಿ ಬೇಡ, ಹೊಟ್ಟೆಪಾಡು.

ಒಂದು ಜೋಡಿ ಹೇಳ್ತೀನಿ, ಗುರುತು ಬಿಟ್ಟು. ಅವಳ ಶನಿ ಮಕರ 11 ಡಿಗ್ರಿ ಸುಮಾರು, 1991ರ ಕೊನೆಯ ಹುಟ್ಟು. ಅವನ ಚಂದ್ರ ಕರ್ಕ 13ರ ಹತ್ರ. ನೇರ ಎದುರು, ಎರಡು ಡಿಗ್ರಿ ಅಂತರ, ಎರಡೂ ಸ್ವಕ್ಷೇತ್ರ, ಯಾರೂ ಬಗ್ಗೋ ಪೈಕಿ ಅಲ್ಲ. 2020ರಲ್ಲಿ ಬಂದಿದ್ರು. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿದೆ, "ಮನೇಲಿ ಯಾರು ಲೆಕ್ಕ ಇಡ್ತಾರೆ?" ಅವಳು ಹೇಳಿದ್ಲು, "ನಾನೇ ಸರ್, ನಾನು ಇಡದಿದ್ರೆ ಯಾರೂ ಇಡಲ್ಲ, ಎಲ್ಲ ಬಿದ್ದೋಗುತ್ತೆ." ಅವನು ಹೇಳಿದ್ದು, "ಅವಳು ಸರ್. ನಾನು ಬೇಜಾರಾಗಿದೆ ಅಂದ್ರೂ ಯಾಕೆ, ಎಷ್ಟು ದಿನದಿಂದ ಅಂತ ಕೇಳ್ತಾಳೆ." ಬಿಡ್ತೀರಾ ಅಂತ ಕೇಳಿದ್ರೆ ಇಬ್ಬರೂ ಗಾಬರಿ, ಅವನಂತೂ "ಅವಳಿಲ್ದೆ ನಾನು ಒಂದು ಕೆಲಸಾನೂ ಮುಗಿಸಿದವನಲ್ಲ" ಅಂದ. ಒಂದೇ ಬಾಯಲ್ಲಿ ಎರಡೂ ಬಂತು ನೋಡಿ.

ಸಮಯ ಹೇಳೋದು ಗೋಚಾರದಿಂದ. ಸಂಬಂಧ ಹುಟ್ಟಿನಿಂದ ಇರುತ್ತೆ, ಭಾರ ಅನ್ನಿಸೋದು ಗೋಚಾರ ಶನಿ ಆ ಡಿಗ್ರಿಗೆ ಬಂದಾಗ. 2021ರ ಶುರುವಲ್ಲಿ ಶನಿ ಮಕರ 11ಕ್ಕೆ ಬರ್ತಿತ್ತು, ಅವಳ ಶನಿ ಮೇಲೇ, ಹಾಗಾಗಿ ಮೊದಲು ಸುಸ್ತಾಗೋದು ಅವಳು ಅಂದೆ. ಆಮೇಲೆ ಮುಂದೆ ಹೋಗಿ, ವಕ್ರವಾಗಿ ಹಿಂದೆ ಬಂದು, ಅಕ್ಟೋಬರ್‌ನಲ್ಲಿ 13ಕ್ಕೆ ಸ್ವಲ್ಪ ಕಮ್ಮಿ ಇರೋ ಜಾಗದಲ್ಲಿ ನಿಂತು ತಿರುಗ್ತಿತ್ತು, ಅವನ ಚಂದ್ರನ ನೇರ ಎದುರು. ಆಗ ಅವನು ಬ್ಯಾಗ್ ಎತ್ತೋ ಮಾತಾಡ್ತಾನೆ, ತೀರ್ಮಾನ ಆ ತಿಂಗಳು ಬೇಡ ಅಂತ ಬರೆದುಕೊಟ್ಟೆ. ಫೆಬ್ರವರಿಲಿ ಅವಳು ಫೋನ್ ಮಾಡಿ ಅತ್ಲು, ಎಲ್ಲಾ ನನ್ನ ತಲೆ ಮೇಲೇ ಅಂತ. ಅಕ್ಟೋಬರ್ ಕೊನೇಲಿ ಅವನು. ಬ್ಯಾಗ್ ಎತ್ತಲಿಲ್ಲ, ಬೇರೆ ರೂಮಲ್ಲಿ ಮಲಗಿದ ಅಷ್ಟೇ. ಈಗಲೂ ಒಟ್ಟಿಗಿದಾರೆ, ಲೆಕ್ಕದ ಪುಸ್ತಕ ಅವನ ಕೈಗೆ ಬಂದಿದೆ, ಅದು ನನ್ನ ಐಡಿಯಾ. ನಕ್ಕಿದ್ದ ಆ ಹಿರಿಯರು ಈಗ ಇಂಥ ಜಾತಕ ಬಂದ್ರೆ ನನ್ನ ಹತ್ರ ಕಳಿಸ್ತಾರೆ, ಫೀಸಲ್ಲಿ ಪಾಲು ಕೇಳಲ್ಲ.

ಇರ್ತಾರಾ ಹೋಗ್ತಾರಾ ಅಂತ ಮಾತ್ರ ನಾನು ಶನಿಯಿಂದ ಹೇಳಲ್ಲ, ಕಲಸಿ ಎಣಿಸಿದ ಮೇಲೆ ಆ ಧೈರ್ಯ ಹೋಯ್ತು. ಒಂದೇ ವಯಸ್ಸಿನವರ ಶನಿ ಮೇಲೆ ಶನಿ ಇದ್ರೆ ಲೆಕ್ಕಕ್ಕೇ ತಗೊಳ್ಳಲ್ಲ, ಕ್ಲಾಸಲ್ಲಿದ್ದ ಎಲ್ಲರದ್ದೂ ಹಾಗೇ ಇರುತ್ತೆ. ಇನ್ನು ಇವರ ಶನಿ ಅವರ ಚಂದ್ರನಿಗೆ, ಅವರ ಶನಿ ಇವರ ಚಂದ್ರನಿಗೆ ಎರಡೂ ತಾಗಿದ್ರೆ ಯಾರು ಹಿಡಿದವರು ಯಾರು ಸಿಕ್ಕಿಬಿದ್ದವರು ಅಂತ ಹೇಳೋಕಾಗಲ್ಲ. ಇಬ್ಬರೂ ಲೆಕ್ಕ ಇಡ್ತಾರೆ, ಎರಡು ಲೆಕ್ಕ ತಾಳೆ ಆಗಲ್ಲ, ಅಂಥ ಜೋಡಿಗೆ ನಾನು ಇನ್ನೂ ಅರ್ಧ ಫೀಸೇ ತಗೊಳ್ಳೋದು.