ಕೊನೆಯ ಸ್ಲ್ಯಾಬಿನ ದಿನ ಏನು ಮಾತನಾಡಬೇಕು?

ಮುಂಬೈಯ ಗಗನಚುಂಬಿ ಕಟ್ಟಡಗಳಲ್ಲಿ ದುಡಿಯುವ ಕನ್ನಡ ಬಂಧುಗಳಿಗೊಂದು ಸಲಹೆ. ಕೊನೆಯ ಸ್ಲ್ಯಾಬ್ ಮುಗಿದ ದಿನ ಯೋಜನಾ ನಿರ್ದೇಶಕರಾಗಿ ಮಾತನಾಡುವಾಗ, ಕಂಬಿ ಕಟ್ಟಿದವರು, ಶಟರಿಂಗ್ ಬಡಗಿಗಳು, ಕ್ರೇನ್ ನಡೆಸಿದವರು, ಅವರಿಗೆ ಸನ್ನೆ ಕೊಟ್ಟವರು ಎಂದು ಒಂದೊಂದೇ ಕೆಲಸದ ಹೆಸರು ಹಿಡಿದು, ಹಿಂದಿಯಲ್ಲಿಯೂ ಧನ್ಯವಾದ ಹೇಳಿರಿ.

ಸುರಕ್ಷತೆಯನ್ನು ಒಂದೇ ಘಟನೆಯ ಮೂಲಕ ನೆನಪಿಸಿರಿ. ನಮ್ಮಲ್ಲಿ ಮೂವತ್ತನೇ ಮಹಡಿಯಿಂದ ಜಾರಿದ ಶಟರಿಂಗ್ ಕ್ಲಾಂಪ್ ಬಲೆಯಲ್ಲಿ ಸಿಕ್ಕಿಕೊಂಡಿತು; ಬಲೆ ಇಲ್ಲದಿದ್ದರೆ ಅದು 90 ಮೀಟರ್ ಕೆಳಗಿನ ನೆಲವನ್ನು ನಾಲ್ಕೂ ಚಿಲ್ಲರೆ ಸೆಕೆಂಡಿನಲ್ಲಿ, ಗಂಟೆಗೆ ಸುಮಾರು 150 ಕಿ.ಮೀ. ವೇಗದಲ್ಲಿ ಮುಟ್ಟುತ್ತಿತ್ತು. ನಾನು ಆ ಕ್ಲಾಂಪನ್ನೇ ಕೈಯಲ್ಲಿ ಹಿಡಿದು, ಮುಚ್ಚಿಡದೆ ಬಂದು ತಿಳಿಸಿದ ಹುಡುಗನಿಗೆ ಎಲ್ಲರಿಗಿಂತ ಮೊದಲು ಕೃತಜ್ಞತೆ ಹೇಳಿದೆ.

ಲಿಫ್ಟ್‌ಗಾಗಿ ಬಿಟ್ಟ ತೆರೆದ ಗುಂಡಿಗಳ ತಡೆಬೇಲಿಯನ್ನು ಬಾಗಿಲು ಕೂರುವವರೆಗೆ ತೆಗೆಯಬಾರದೆಂದೂ ಅಲ್ಲಿಯೇ ತಿಳಿಸಿರಿ. ಇನ್ನು ಮುಂದೆ ಒಳಗೆಲಸಕ್ಕೆ ಬರುವ ಹೊಸ ತಂಡಗಳಿಗೆ ಆ ಗುಂಡಿಗಳ ಪರಿಚಯವಿರುವುದಿಲ್ಲ.