ಕಂಬಳಿ ಹೊದ್ದವನನ್ನು ನೋಡಿ ಬೊಲಿವಿಯಾ ಅಂದೆ

ಮಣ್ಣಿನ ರಸ್ತೆ. ಎರಡೂ ಕಡೆ ಒಣಗಿದ ಹುಲ್ಲಿನ ಗುಡ್ಡ. ರಸ್ತೆ ಬದಿಯಲ್ಲಿ ಕುರಿ ಕಾಯುವವನೊಬ್ಬ ನಿಂತಿದ್ದ. ಮೈತುಂಬ ದಪ್ಪ ಕಂಬಳಿ, ತಲೆಗೆ ಮಂಕಿ ಕ್ಯಾಪ್, ಕಾಲಿಗೆ ಗಂಬೂಟು. ಎತ್ತರದ ಜಾಗ, ಚಳಿ, ಕಂಬಳಿ, ಕುರಿ. ಇನ್ನೇನು ಬೇಕು, ಆಂಡಿಸ್ ಬೆಟ್ಟಸಾಲೇ ಅಂದುಕೊಂಡು ಬೊಲಿವಿಯಾದ ಮೇಲೆ ಗುರುತು ಹಾಕಿದೆ. ಉತ್ತರ ಬಂತು: ಲೆಸೋಥೊ. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಕೂತಿರುವ ಪುಟ್ಟ ದೇಶ. ನಾನು ತಪ್ಪಿದ್ದು ಸುಮಾರು 9,600 ಕಿಲೋಮೀಟರ್.

ಇದು ಜಿಯೋಗೆಸರ್ ಆಟ. ಗೂಗಲ್ ಸ್ಟ್ರೀಟ್ ವ್ಯೂನ ಯಾವುದೋ ಒಂದು ರಸ್ತೆಯಲ್ಲಿ ನಮ್ಮನ್ನು ಇಳಿಸುತ್ತಾರೆ. ಸುತ್ತ ನೋಡಿ, ಭೂಪಟದಲ್ಲಿ ಜಾಗ ತೋರಿಸಬೇಕು. ಹತ್ತಿರ ಬಂದಷ್ಟೂ ಅಂಕ ಜಾಸ್ತಿ, ಒಂದು ಸುತ್ತಿಗೆ 5,000ದವರೆಗೆ. ಹೆಚ್ಚಿನವರು ಬೋರ್ಡು, ವಿದ್ಯುತ್ ಕಂಬ, ರಸ್ತೆಯ ಗೆರೆ ನೋಡುತ್ತಾರೆ. ನಾನೂ ಅದನ್ನೆಲ್ಲ ನೋಡುತ್ತೇನೆ. ಆದರೆ ಬೋರ್ಡೂ ಇಲ್ಲ, ಗೆರೆಯೂ ಇಲ್ಲ ಅನ್ನುವ ಕಡೆ ಉಳಿಯುವುದು ದಾರಿಹೋಕರು. ಅವರ ಮುಖ ಮಸುಕಾಗಿರುತ್ತದೆ, ಬಟ್ಟೆ ಮಸುಕಾಗಿರುವುದಿಲ್ಲ.

ಲೆಸೋಥೊದ ತಪ್ಪು ನನಗೆ ಜಾಸ್ತಿ ಚುಚ್ಚಲು ಬೇರೆ ಕಾರಣ ಇದೆ. ನಾನು ತೀರ್ಥಹಳ್ಳಿ ಕಡೆಯವನು. ನಮ್ಮಲ್ಲಿ ಕಂಬಳಿ ಕಂಡರೆ ಚಳಿ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಜುಲೈನಲ್ಲಿ ಗದ್ದೆಗೆ ಹೋಗುವ ಗಂಡಸರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದರು. ಅದು ಮಳೆಯ ಬಟ್ಟೆ. ಕುರಿ ಉಣ್ಣೆಯ ಮೇಲೆ ನೀರು ಇಳಿದು ಹೋಗುತ್ತದೆ, ಒಳಗೆ ಬೇಗ ಹಿಡಿಯುವುದಿಲ್ಲ. ನೆಟ್ಟಿ ಮಾಡುವ ಹೆಂಗಸರಿಗೆ ಗೊರಬು. ಅದರ ಆಕಾರವೇ ಕೆಲಸ ಹೇಳುತ್ತದೆ: ಬಗ್ಗಿದಾಗ ಬೆನ್ನು ಮುಚ್ಚಬೇಕು, ಎರಡೂ ಕೈ ಖಾಲಿ ಇರಬೇಕು. ಆಮೇಲೆ ಪ್ಲಾಸ್ಟಿಕ್ ಕೊಪ್ಪೆ ಬಂತು. ಇಷ್ಟೆಲ್ಲ ನೋಡಿ ಬೆಳೆದ ನಾನು, ಪರದೇಶದ ಕಂಬಳಿ ಕಂಡ ತಕ್ಷಣ "ಓ, ಚಳಿ" ಅಂದುಬಿಟ್ಟೆ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಸುತ್ತು ಮುಗಿದ ಮೇಲೆ ಅದೇ ಜಾಗವನ್ನು ಗೂಗಲ್ ಮ್ಯಾಪ್ಸ್‌ನಲ್ಲಿ ತೆರೆಯುತ್ತೇನೆ. ಚಿತ್ರ ತೆಗೆದ ತಿಂಗಳು, ವರ್ಷ ಅಲ್ಲಿ ಇರುತ್ತದೆ. ಆಟದಲ್ಲಿ ಅದನ್ನು ತೋರಿಸುವುದಿಲ್ಲ. ಜನ ಏನು ಹಾಕಿಕೊಂಡಿದ್ದರು, ನಾನು ಯಾವ ತಿಂಗಳು ಅಂದುಕೊಂಡೆ, ನಿಜವಾದ ತಿಂಗಳು ಯಾವುದು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಕೆಲವು ಪುಟ ನೋಡಿದರೆ ಈಗಲೂ ನಗು ಬರುತ್ತದೆ.

ಅದರಲ್ಲಿ ಹೆಚ್ಚು ತಪ್ಪಿದ್ದು ಕೊಡೆಯಲ್ಲಿ. ಕೊಡೆ ಅಂದರೆ ಮಳೆ ಅನ್ನುವುದು ಮಲೆನಾಡಿನವನ ತಲೆ. ಆದರೆ ಯೋಚಿಸಿ, ಕ್ಯಾಮೆರಾ ಕಾರು ಸಾಮಾನ್ಯವಾಗಿ ಬೆಳಕು ಚೆನ್ನಾಗಿರುವ ಒಣ ದಿನ ನೋಡಿಯೇ ಹೊರಡುತ್ತದೆ. ಹಾಗಾಗಿ ಅದರ ಚಿತ್ರದಲ್ಲಿ ಬಿಚ್ಚಿದ ಕೊಡೆ ಕಂಡರೆ ಅದು ಬಿಸಿಲಿನ ಕೊಡೆಯಾಗಿರುವ ಸಾಧ್ಯತೆಯೇ ಹೆಚ್ಚು. ಈಗ ನಾನು ಕೊಡೆ ಕಂಡರೆ ಮೊದಲು ನೆಲ ನೋಡುತ್ತೇನೆ. ಹಿಡಿದವರ ನೆರಳು ಗಡುಸಾಗಿ ಬಿದ್ದಿದ್ದರೆ ಅದು ಬಿಸಿಲಿಗೆ. ರಸ್ತೆ ಹೊಳೆಯುತ್ತಿದ್ದು ನೆರಳೇ ಇಲ್ಲದಿದ್ದರೆ ಮಳೆಗೆ. ಆಗ ಕ್ಯಾಮೆರಾದ ಗಾಜಿನ ಮೇಲೂ ಹನಿ ಕೂತು ಚಿತ್ರ ಅಲ್ಲಲ್ಲಿ ಕಲೆಸಿದಂತೆ ಕಾಣುತ್ತದೆ. ಇನ್ನೊಂದು ಗುರುತು, ಎಷ್ಟು ಜನ ಹಿಡಿದಿದ್ದಾರೆ ಅನ್ನುವುದು. ಮಳೆ ಬಂದರೆ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬಿಚ್ಚುತ್ತಾರೆ. ಜಪಾನಿನ ಬೇಸಿಗೆಯಲ್ಲಿ ಬೀದಿ ತುಂಬ ಜನರಿದ್ದರೂ ಕೊಡೆ ಬಿಚ್ಚಿರುವುದು ಹೆಚ್ಚಾಗಿ ಹೆಂಗಸರು. ಕೈಗೆ ಮೊಣಕೈ ದಾಟುವ ತೆಳು ಗ್ಲೌಸು, ತಲೆಗೆ ಅಗಲ ಅಂಚಿನ ಟೋಪಿ. ಪಕ್ಕದಲ್ಲೇ ಅರ್ಧ ತೋಳಿನ ಅಂಗಿ ಹಾಕಿದ ಗಂಡಸು ಬರಿ ತಲೆಯಲ್ಲಿ ಹೋಗುತ್ತಿರುತ್ತಾನೆ. ಅವನಿಗೂ ಅದೇ ಬಿಸಿಲು ಅಲ್ವಾ?

ಕೋಟಿನ ಕಥೆ ಇನ್ನೂ ಗೋಜಲು. ಕೋಟು ಉಷ್ಣಾಂಶ ಹೇಳುವುದಿಲ್ಲ, ಹಾಕಿಕೊಂಡವನ ಅಭ್ಯಾಸ ಹೇಳುತ್ತದೆ. ಜನವರಿಯ ಬೆಳಿಗ್ಗೆ 16 ಡಿಗ್ರಿಗೆ ಲಾಲ್‌ಬಾಗ್‌ನಲ್ಲಿ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಎಲ್ಲ ಹೊರಬರುತ್ತವೆ. ಅದೇ 16 ಡಿಗ್ರಿ ಸ್ಕಾಟ್ಲೆಂಡಿನಲ್ಲಿ ಬಂದರೆ ಜನ ಟೀ ಶರ್ಟಿನಲ್ಲಿ ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ಮಲಗುತ್ತಾರೆ.

ಅದಕ್ಕೇ ನಾನು ಬೈಕ್ ಸವಾರರನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಬಿಟ್ಟೆ. ಅವರ ಜಾಕೆಟ್ ಗಾಳಿಗೆ, ಧೂಳಿಗೆ. ಉಗಾಂಡದ ಕಂಪಾಲಾ ಸಮಭಾಜಕ ರೇಖೆಗೆ ಅಂಟಿಕೊಂಡಂತಿದೆ. ಅಲ್ಲಿನ ಬಾಡಿಗೆ ಬೈಕಿನವರು ಯುರೋಪಿನ ಚಳಿಗೆ ಹೊಲಿದಂಥ ದಪ್ಪ ಕೋಟು ಹಾಕಿರುತ್ತಾರೆ. ಕೆಲವರು ಹಿಂದು ಮುಂದಾಗಿ, ಬೆನ್ನಿನ ಭಾಗ ಎದೆಗೆ ಬರುವ ಹಾಗೆ ಹಾಕಿಕೊಳ್ಳುತ್ತಾರೆ, ಎದೆಗೆ ಗಾಳಿ ನುಗ್ಗಬಾರದು ಅಂತ. ಅದನ್ನು ನೋಡಿ ಚಳಿ ದೇಶ ಅಂದರೆ ಕೆಟ್ಟಿರಿ. ನೋಡಬೇಕಾದದ್ದು ನಡೆದು ಹೋಗುವವರನ್ನು, ಅದರಲ್ಲೂ ಮಕ್ಕಳನ್ನು. ಮೂರು ನಾಲ್ಕು ಜನ ಒಂದೇ ಮಾತು ಹೇಳಿದರೆ ಮಾತ್ರ ನಂಬುತ್ತೇನೆ.

ಈ ಉಪಾಯ ಚೆನ್ನಾಗಿ ಕೈ ಹಿಡಿದಿದ್ದು ವಿಯೆಟ್ನಾಮ್‌ನಲ್ಲಿ. ಅಲ್ಲಿನ ಗೋಪುರದಾಕಾರದ ಎಲೆಟೋಪಿ ಎಲ್ಲರಿಗೂ ಗೊತ್ತು. ಅದು ಬಿಸಿಲಿಗೂ ಸೈ, ಮಳೆಗೂ ಸೈ. ಹಾಗಾಗಿ ಅದು ದೇಶ ಹೇಳುತ್ತದೆ, ತಿಂಗಳು ಹೇಳುವುದಿಲ್ಲ. ಆ ಉದ್ದನೆಯ ದೇಶದಲ್ಲಿ ಉತ್ತರವೋ ದಕ್ಷಿಣವೋ ಅನ್ನುವುದು ಸಾವಿರ ಕಿಲೋಮೀಟರಿನ ಪ್ರಶ್ನೆ. ಅದಕ್ಕೆ ಜಾಕೆಟ್ ನೋಡಬೇಕು. ಸ್ಕೂಟರಿನ ಹೆಂಗಸರು ಉರಿ ಬಿಸಿಲಿನಲ್ಲೂ ಜಾಕೆಟ್ ಹಾಕುತ್ತಾರೆ, ಆದರೆ ಅದು ತೆಳು ಬಟ್ಟೆಯದು. ಟೋಪಿ ಜೊತೆಗೇ ಹೊಲಿದಿರುತ್ತದೆ, ತೋಳು ಉದ್ದವಾಗಿ ಬೆರಳವರೆಗೂ ಮುಚ್ಚುತ್ತದೆ, ಸೊಂಟಕ್ಕೆ ಸುತ್ತುವ ಬಟ್ಟೆಯೂ ಇರುತ್ತದೆ. ಅದು ಬಿಸಿಲ ಜಾಕೆಟ್, ದೇಶದ ಎಲ್ಲ ಕಡೆ ಸಿಗುತ್ತದೆ. ಚಳಿ ಜಾಕೆಟ್ ದಿಂಬಿನ ಹಾಗೆ ಉಬ್ಬಿರುತ್ತದೆ, ಅಡ್ಡ ಹೊಲಿಗೆ ಕಾಣುತ್ತದೆ. ನಡೆದು ಹೋಗುವ ಅಜ್ಜಿ, ಎಲೆಟೋಪಿಯ ಕೆಳಗೆ ಉಬ್ಬು ಜಾಕೆಟ್ ಹಾಕಿದ್ದರೆ ನಾನು ಹನೋಯ್ ಕಡೆಗೆ ಕೈ ಹಾಕುತ್ತೇನೆ. ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ನಿಜವಾದ ಚಳಿ ಇದೆ. ಸೈಗಾನ್‌ನಲ್ಲಿ ಇಲ್ಲ. ತಪ್ಪಿಸುವ ಒಂದೇ ಊರು ಡಾಲಾಟ್: ದಕ್ಷಿಣದಲ್ಲೇ ಇದ್ದರೂ 1,500 ಮೀಟರ್ ಎತ್ತರದಲ್ಲಿದೆ. ಪೈನ್ ಮರ, ಹಸಿರುಮನೆ ಕಂಡರೆ ಮಾತ್ರ ಕೈ ಅತ್ತ ಸರಿಸುತ್ತೇನೆ.

ಈಗ ಆ ಲೆಸೋಥೊ ಸುತ್ತಿಗೆ ವಾಪಸ್ ಬರುತ್ತೇನೆ. ಸೋತ ಮೇಲೆ ಅದನ್ನು ಎಷ್ಟೋ ಸಲ ತೆರೆದು ನೋಡಿದ್ದೇನೆ.

ಮೊದಲು ಕಂಬಳಿ. ಆಂಡಿಸ್‌ನ ಪೊಂಚೊಗೆ ನಡುವೆ ಸೀಳು ಇರುತ್ತದೆ, ಅದರಲ್ಲಿ ತಲೆ ತೂರಿಸುತ್ತಾರೆ. ಆಗ ಬಟ್ಟೆ ಎದೆಗೂ ಬೆನ್ನಿಗೂ ಸಮನಾಗಿ ಇಳಿಯುತ್ತದೆ. ಲೆಸೋಥೊದ ಬಸೋಥೊ ಜನರ ಕಂಬಳಿಗೆ ಸೀಳಿಲ್ಲ. ಸುತ್ತಿ ಪಿನ್ನು ಹಾಕುತ್ತಾರೆ, ಗಂಡಸರು ಸಾಮಾನ್ಯವಾಗಿ ಬಲ ಭುಜದ ಹತ್ತಿರ, ಹೆಂಗಸರು ಎದೆಯ ಮುಂದೆ. ಅದರಲ್ಲಿ ಒಂದು ಸಣ್ಣ ಪಟ್ಟಿ ಓಡುತ್ತದೆ, ಅದನ್ನು ಉದ್ದುದ್ದ ನಿಲ್ಲುವ ಹಾಗೆ ಹೊದೆಯುವುದು ಪದ್ಧತಿ. ನನ್ನ ಚಿತ್ರದ ಕುರಿ ಕಾಯುವವನ ಮೇಲೆ ಆ ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಪಿನ್ನು ಕಾಣದಿದ್ದರೂ ಒಂದು ಕಡೆ ಎಳೆದುಕೊಂಡ ಮಡಿಕೆ ಇತ್ತು. ಅಷ್ಟು ನೋಡಿದ್ದರೆ ಸಾಕಿತ್ತು.

ಅದೂ ಗೊತ್ತಿಲ್ಲ ಅನ್ನಿ. ನೆರಳು ಇತ್ತಲ್ಲ. ಪರದೆಯ ದಿಕ್ಸೂಚಿ ಪ್ರಕಾರ ಅವನ ನೆರಳು ನೇರ ದಕ್ಷಿಣಕ್ಕೆ ಬಿದ್ದಿತ್ತು. ಅಂದರೆ ಸೂರ್ಯ ನೇರ ಉತ್ತರದಲ್ಲಿ, ಹೊತ್ತು ನಡುಮಧ್ಯಾಹ್ನ. ದಿನದ ಅತಿ ಗಿಡ್ಡ ನೆರಳು ಅದು. ಆದರೂ ಅವನ ನೆರಳು ಅವನಿಗಿಂತ ಉದ್ದವಾಗಿತ್ತು. ಬೊಲಿವಿಯಾದ ಲಾ ಪಾಜ್ ಊರು ಸಮಭಾಜಕ ರೇಖೆಯಿಂದ ದಕ್ಷಿಣಕ್ಕೆ 16 ಡಿಗ್ರಿ ಚಿಲ್ಲರೆಯಲ್ಲಿದೆ. ಅಲ್ಲಿ ಜೂನ್ ತಿಂಗಳಲ್ಲೂ ನಡುಮಧ್ಯಾಹ್ನ ಸೂರ್ಯ 50 ಡಿಗ್ರಿ ಏರುತ್ತಾನೆ, ನೆರಳು ಆಳಿಗಿಂತ ಗಿಡ್ಡ. ಲೆಸೋಥೊ 29 ಡಿಗ್ರಿಯ ಆಸುಪಾಸಿನಲ್ಲಿದೆ. ಅಲ್ಲಿ ಜೂನ್‌ನಲ್ಲಿ ಸೂರ್ಯ ಏರುವುದು 37 ಡಿಗ್ರಿ ಮಾತ್ರ, ನೆರಳು ಆಳಿನ ಒಂದೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮಧ್ಯಾಹ್ನದ ನೆರಳು ಆಳಿಗಿಂತ ಉದ್ದ ಇದ್ದರೆ ಆ ಜಾಗ ಸುಮಾರು 22 ಡಿಗ್ರಿಗಿಂತಲೂ ದಕ್ಷಿಣಕ್ಕೆ ಇರಲೇಬೇಕು. ಪೆರು ಪೂರ್ತಿ ಹೋಯಿತು, ಬೊಲಿವಿಯಾದ ಎತ್ತರದ ಬಯಲೂ ಹೆಚ್ಚುಕಡಿಮೆ ಪೂರ್ತಿ ಹೋಯಿತು.

ಈ ಲೆಕ್ಕಕ್ಕೆ ನೆಲ ಸಮ ಇರಬೇಕು. ಇಳಿಜಾರಿನಲ್ಲಿ ನೆರಳು ಸುಳ್ಳು ಹೇಳುತ್ತದೆ. ಕ್ಯಾಮೆರಾ ಪಕ್ಕದಲ್ಲೇ ಇರುವ ಆಳು ಎಳೆದಂತೆ ಕಾಣುತ್ತಾನೆ, ಅದೂ ಬೇಡ. ಸ್ವಲ್ಪ ದೂರದ ಬೇಲಿ ಗೂಟ ಸಿಕ್ಕರೆ ಒಳ್ಳೆಯದು. ಜೊತೆಗೆ ಅರ್ಜೆಂಟೀನಾದ ವಾಯವ್ಯ ಮೂಲೆ ಇನ್ನೂ ಉಳಿದೇ ಇರುತ್ತದೆ. ಅದನ್ನು ಬಿಡಿಸಲು ಮತ್ತೆ ಕಂಬಳಿಗೇ ಬರಬೇಕು, ಇಲ್ಲ ಒಂದು ಗಾಡಿ ಬರುವವರೆಗೆ ಮುಂದೆ ಹೋಗಬೇಕು. ಲೆಸೋಥೊದಲ್ಲಿ ನಮ್ಮ ಹಾಗೆ ಎಡಕ್ಕೆ ಓಡಿಸುತ್ತಾರೆ.

ತಿಂಗಳು ತಿಳಿಯಲು ನಾನು ಕಂಬಳಿ ನೋಡುವುದಿಲ್ಲ, ಯಾಕೆಂದರೆ ಅಲ್ಲಿ ಅದನ್ನು ಬೇಸಿಗೆಯಲ್ಲೂ ಹೊದೆಯುತ್ತಾರೆ. ಇಡೀ ದೇಶದಲ್ಲಿ 1,400 ಮೀಟರಿಗಿಂತ ತಗ್ಗಿನ ಜಾಗವೇ ಇಲ್ಲ. ಮಳೆ ಬರುವುದು ಬೇಸಿಗೆಯಲ್ಲಿ, ಚಳಿಗಾಲ ಒಣ. ಹಾಗಾಗಿ ಒಣ ಹುಲ್ಲು, ಎಲೆ ಉದುರಿದ ಪೀಚ್ ಮರ, ಉದ್ದ ನೆರಳು ಮೂರೂ ಸೇರಿದರೆ ಜೂನ್, ಜುಲೈ. ಆ ಸುತ್ತಿನ ಚಿತ್ರದಲ್ಲಿ ಮೂರೂ ಇದ್ದವು. ಮ್ಯಾಪ್ಸ್ ತೆರೆದಾಗ ಜುಲೈ ಅಂತ ಇತ್ತು.

ಕಳೆದ ತಿಂಗಳು ಮತ್ತೆ ಅಂಥದೇ ಒಂದು ಸುತ್ತು ಬಂತು. ಕುದುರೆ ಮೇಲೆ ಒಬ್ಬ, ಮೈಮೇಲೆ ಅದೇ ಉದ್ದುದ್ದ ಪಟ್ಟಿಯ ಕಂಬಳಿ. ಆದರೆ ಗುಡ್ಡ ಹಸಿರು, ಕುದುರೆಯ ನೆರಳು ಅದರ ಹೊಟ್ಟೆಯ ಕೆಳಗೇ ಮುದುಡಿತ್ತು. ಲೆಸೋಥೊ ಅಂತ ಗುರುತು ಹಾಕಿ, ನೋಟ್‌ಬುಕ್ಕಿನಲ್ಲಿ ಜನವರಿ ಅಂತ ಬರೆದೆ. ಜಾಗ ಸರಿ ಇತ್ತು. ತಿಂಗಳು ಡಿಸೆಂಬರ್.