ಮಗಳ ಕಾಲಪ್ರಮಾಣಕ್ಕೆ ನಾನು ಹೊಂದಿಕೊಂಡ ಬಗೆ

ನಾನು ಬಾಲ್ಯದಲ್ಲಿ ಆರು ವರ್ಷ ಮೃದಂಗ ಕಲಿತವನು. ಕಛೇರಿಯಲ್ಲಿ ನುಡಿಸುವಷ್ಟು ಕೈ ಪಳಗಲಿಲ್ಲ, ಆದರೆ ಯಾರಾದರೂ ತಾಳ ತಪ್ಪಿದರೆ ಕಿವಿಗೆ ಚುಚ್ಚುವಷ್ಟು ಅಭ್ಯಾಸ ಮಾತ್ರ ಉಳಿದುಕೊಂಡಿದೆ. ಚಿಂತಾಮಣಿಯ ನಮ್ಮ ಮನೆಯಲ್ಲಿ ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳಾದಾಗ ನನಗೆ ಅಡ್ಡ ಬಂದದ್ದು ಈ ಅಭ್ಯಾಸವೇ. ಅವಳನ್ನು ಎದುರಿಗೆ ಕೂರಿಸಿಕೊಂಡು, ಬಲಗೈ ಹಿಡಿದು, ಆದಿತಾಳದ ಎಂಟು ಅಕ್ಷರಗಳನ್ನು ಸೆಕೆಂಡಿಗೆ ಒಂದರಂತೆ ನಿಧಾನವಾಗಿ ತೊಡೆಯ ಮೇಲೆ ಹಾಕಿಸಲು ಹೊರಟೆ. ಮೂರನೆಯ ಪೆಟ್ಟಿಗೆ ಕೈ ಕಿತ್ತುಕೊಂಡಳು, ನಾಲ್ಕನೆಯದಕ್ಕೆ ಎದ್ದು ಅಡುಗೆಮನೆಗೆ ಹೋದಳು. ಒಂದು ವಾರ ಹೀಗೆಯೇ ನಡೆಯಿತು. ಮಗುವಿಗೆ ಲಯಜ್ಞಾನವಿಲ್ಲವೇನೋ ಎಂದು ನಾನು ಒಳಗೊಳಗೇ ಬೇಸರಪಟ್ಟುಕೊಂಡೆ.

ನನ್ನ ತಪ್ಪು ತಿಳಿದದ್ದು ಅಡುಗೆಮನೆಯಲ್ಲಿ. ಅಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು, ಮಗಳು ಪಕ್ಕದಲ್ಲಿ ಕುಳಿತು ಖಾಲಿ ಡಬ್ಬವನ್ನು ಮರದ ಸೌಟಿನಿಂದ ಬಡಿಯುತ್ತಿದ್ದಳು. ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಂಡು ರಾತ್ರಿ ಕುಳಿತು ಎಣಿಸಿದಾಗ ಹತ್ತು ಸೆಕೆಂಡಿನಲ್ಲಿ ಇಪ್ಪತ್ತೆರಡು ಪೆಟ್ಟುಗಳಿದ್ದವು, ಅಂದರೆ ನಿಮಿಷಕ್ಕೆ ಸುಮಾರು 130. ನಾನು ಅವಳ ಮೇಲೆ ಹೇರುತ್ತಿದ್ದ ವೇಗ ಅದರ ಅರ್ಧಕ್ಕಿಂತಲೂ ಕಡಿಮೆ. ಚಿಕ್ಕ ಮಕ್ಕಳ ಸಹಜವಾದ ಕಾಲಪ್ರಮಾಣವೇ ದೊಡ್ಡವರಿಗಿಂತ ಚುರುಕು. ಎರಡು ಪೆಟ್ಟುಗಳ ನಡುವೆ ಒಂದು ಸೆಕೆಂಡು ಕಾಯುವುದೆಂದರೆ ಅವರಿಗೆ ಬಹಳ ಹೊತ್ತು ಸುಮ್ಮನೆ ಕೂತಂತೆ. ಇನ್ನೊಂದು ಸಂಗತಿಯೂ ಆ ಮುದ್ರಣದಲ್ಲಿ ಕೇಳಿಸಿತು. ಅವಳು ಒಂದೇ ಸಮನೆ ಬಡಿಯುತ್ತಿರಲಿಲ್ಲ. ಆರೆಂಟು ಪೆಟ್ಟು ಹಾಕಿ, ನಿಲ್ಲಿಸಿ, ಅಜ್ಜಿಯ ಮುಖ ನೋಡಿ, ಮತ್ತೆ ಶುರುಮಾಡುತ್ತಿದ್ದಳು.

ಮರುದಿನದಿಂದ ನಾನು ತಾಳ ಹಾಕಿಸುವುದನ್ನು ಬಿಟ್ಟು, ಅವಳು ಬಡಿಯಲು ಶುರುಮಾಡುವವರೆಗೆ ಕಾದು, ಅವಳ ವೇಗದಲ್ಲೇ ನೆಲ ತಟ್ಟತೊಡಗಿದೆ. ಅವಳು ವೇಗ ಬದಲಿಸಿದರೆ ನಾನೂ ಬದಲಿಸುತ್ತಿದ್ದೆ, ಅವಳು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತಿದ್ದೆ. ಮೃದಂಗ ಕಲಿತವನಿಗೆ ಇದು ಸುಲಭವಲ್ಲ, ಏಕೆಂದರೆ ಕಾಲಪ್ರಮಾಣ ಓಡಿದರೆ ತಲೆಗೆ ಮೊಟಕುವ ಗುರುಗಳ ಬಳಿ ನಾನು ಕಲಿತಿದ್ದೆ. ಆದರೆ ಎರಡನೆಯ ದಿನವೇ ಅವಳು ಬೇಕೆಂದೇ ನಿಲ್ಲಿಸಿ, ನಾನೂ ನಿಲ್ಲಿಸುತ್ತೇನೆಯೇ ಎಂದು ಪರೀಕ್ಷಿಸಿ ನಕ್ಕಳು.

ಆ ನಗುವಿನಿಂದಲೇ ನಮ್ಮ ಮುಖ್ಯ ಆಟ ಹುಟ್ಟಿತು. ಅವಳನ್ನು ತೊಡೆಯ ಮೇಲೆ ಮುಖಾಮುಖಿ ಕೂರಿಸಿಕೊಂಡು, ಅವಳ ವೇಗದಲ್ಲೇ ಕುಣಿಸುತ್ತಾ, "ತಕಧಿಮಿ ತಕಜೊಣು" ಎಂದು ಎಂಟು ಅಕ್ಷರಗಳನ್ನು ಬಾಯಲ್ಲಿ ಹೇಳಿ, "ತೋಂ" ಎಂದು ತೊಡೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸುತ್ತಿದ್ದೆ. ಆಮೇಲೆ ನಾಲ್ಕು ಎಣಿಕೆಯಷ್ಟು ಪೂರ್ತಿ ಮೌನ, ಮತ್ತೆ ಶುರು. ಮೊದಲ ವಾರ ಮೌನ ಬಂದಾಗ ಅವಳು ಬರೀ ನನ್ನ ಬಾಯಿ ನೋಡುತ್ತಿದ್ದಳು. ಮೂರನೆಯ ವಾರದ ಹೊತ್ತಿಗೆ "ತೋಂ" ಬರುವ ಮೊದಲೇ ಮೈ ಬಿಗಿಹಿಡಿಯತೊಡಗಿದಳು. ಎಂಟು ಅಕ್ಷರಗಳ ಉದ್ದ ಅವಳ ಮೈಗೆ ತಿಳಿದಿತ್ತೆಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ, ಅವಳಿಗೆ ಒಂದರಿಂದ ಎಂಟರವರೆಗೆ ಎಣಿಸಲು ಇನ್ನೂ ಬಾರದು. ಐದನೆಯ ವಾರ "ತೋಂ" ಹೇಳುವ ಕೆಲಸವನ್ನು ಅವಳೇ ವಹಿಸಿಕೊಂಡಳು, ಅದೂ ಹಲವು ಸಲ ಎರಡಕ್ಷರ ಮುಂಚೆಯೇ. ಮೌನವನ್ನು ಎಂಟು ಎಣಿಕೆಗೆ ಹಿಗ್ಗಿಸಿ ನೋಡಿದಾಗ ಇಳಿದು ಹೊರಟುಹೋದಳು. ನಾಲ್ಕೇ ಸರಿ ಎಂದು ಅಲ್ಲಿಗೇ ನಿಲ್ಲಿಸಿದೆ.

ಒಂದು ಸಲಕ್ಕೆ ನಾಲ್ಕೈದು ನಿಮಿಷ, ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಮತ್ತು ಸಂಜೆ ಹಾಲು ಕುಡಿದ ಮೇಲೆ. ಇದಕ್ಕಿಂತ ಹೆಚ್ಚು ನಾನು ಎಂದೂ ಎಳೆಯಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿದರೆ ಅಥವಾ ಕೈಯಲ್ಲಿದ್ದುದನ್ನು ಎಸೆದರೆ ಆಟ ಮುಗಿಯಿತೆಂದೇ ಅರ್ಥ.

ವಾದ್ಯಗಳ ವಿಷಯದಲ್ಲಿ ಮೊದಲು ಎಡವಿದ್ದು ಗಿಲಕಿಯಲ್ಲಿ. ಚಿಕ್ಕ ಪ್ಲಾಸ್ಟಿಕ್ ಬಾಟಲಿಗೆ ಹುಣಸೆಬೀಜ ತುಂಬಿ ಮುಚ್ಚಳ ಬಿಗಿಯಾಗಿ ತಿರುಗಿಸಿ ಕೊಟ್ಟಿದ್ದೆ. ಎರಡನೆಯ ದಿನ ಅದು ಜಗಲಿಯ ಕಲ್ಲಿಗೆ ಬಡಿದು ಮುಚ್ಚಳ ಹಾರಿತು, ಬೀಜಗಳು ಚೆಲ್ಲಿದವು, ನಾನು ಬಗ್ಗುವಷ್ಟರಲ್ಲಿ ಒಂದು ಬೀಜ ಅವಳ ಬಾಯಿಯಲ್ಲಿತ್ತು. ಕೆನ್ನೆಯ ಒಳಗೇ ಇದ್ದುದರಿಂದ ಬೆರಳಿಗೆ ಸಿಕ್ಕಿತು. ಗಂಟಲಿಗೆ ಇಳಿದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ. ಆಮೇಲೆ ಮಾಡಿದ್ದರಲ್ಲಿ ಹುಣಸೆಬೀಜದ ಬದಲು ರಾಗಿ ಹಾಕಿದೆ. ರಾಗಿಯನ್ನು ಹುಳ ಬೀಳದಂತೆ ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ, ಬಾಟಲಿಯ ಮೂರನೆಯ ಒಂದು ಭಾಗ ಮಾತ್ರ ತುಂಬಿದೆ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಕಾಳು ಹೊರಳಾಡಲು ಜಾಗವಿಲ್ಲದೆ ಸದ್ದು ಮಂಕಾಗುತ್ತದೆ. ಮುಚ್ಚಳವನ್ನು ಗಟ್ಟಿ ಅಂಟಿನಿಂದ ಕೂರಿಸಿ, ಒಂದು ದಿನ ಒಣಗಲು ಬಿಟ್ಟು, ಮೇಲೆ ಟೇಪು ಸುತ್ತಿ, ಎದೆಯೆತ್ತರದಿಂದ ಕಲ್ಲಿನ ಮೇಲೆ ಹತ್ತು ಸಲ ಬೀಳಿಸಿ ನೋಡಿದ ಮೇಲೆಯೇ ಅವಳ ಕೈಗೆ ಕೊಟ್ಟೆ. ಆಟ ಮುಗಿದ ಮೇಲೆ ಅದು ಕಪಾಟಿಗೆ ಹೋಗುತ್ತದೆ.

ಅದಕ್ಕಿಂತ ಒಳ್ಳೆಯ ವಾದ್ಯವೆಂದರೆ ತೆಂಗಿನ ಕರಟ. ನಾರು ಹೆರೆದು, ಅಂಚನ್ನು ಮರಳುಕಾಗದದಿಂದ ನುಣುಪು ಮಾಡಿ, ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಮೊದಮೊದಲು ಅವಳು ಒಂದೇ ಹೋಳನ್ನು ಚಾಪೆಯ ಮೇಲೆ ಕುಟ್ಟುತ್ತಿದ್ದಳು; ಎರಡು ಕೈಯಲ್ಲಿ ಎರಡು ಹೋಳು ಹಿಡಿದು ಎದೆಯ ಮುಂದೆ ಬಾಯಿಗೆ ಬಾಯಿ ತಗಲುವಂತೆ ತಟ್ಟಲು ಒಂದು ವರ್ಷ ಎಂಟು ತಿಂಗಳಾಗಬೇಕಾಯಿತು. ಸ್ಟೀಲ್ ತಟ್ಟೆಯ ಸದ್ದು ಒಳಗಿನ ಕೋಣೆಯಲ್ಲಿ ವಿಪರೀತ ಚೂಪಾದುದರಿಂದ ಅದನ್ನು ದೂರವಿಟ್ಟೆ. ನೆಂಟರೊಬ್ಬರು ತಂದ, ಗುಂಡಿ ಒತ್ತಿದರೆ ತಾನೇ ಬಾರಿಸುವ ಆಟಿಕೆಯೂ ನಿಲ್ಲಲಿಲ್ಲ, ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಅದು ಅದೇ ಸದ್ದು ಮಾಡುತ್ತದೆ, ಮಗು ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ. ಲೈಪ್ಜಿಗ್‌ನಲ್ಲಿ ಕಿರ್ಷ್ನರ್ ಮತ್ತು ಟೊಮಸೆಲ್ಲೊ ಎಂಬ ಸಂಶೋಧಕರು ಎರಡೂವರೆಯಿಂದ ನಾಲ್ಕೂವರೆ ವರ್ಷದ ಮಕ್ಕಳಿಂದ ಡೋಲು ಬಾರಿಸಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸುತ್ತದೆ: ಯಂತ್ರದ ಅಥವಾ ಸ್ಪೀಕರಿನ ತಾಳಕ್ಕಿಂತ, ಎದುರಿಗೆ ಕೂತ ಮನುಷ್ಯನ ತಾಳಕ್ಕೆ ಮಕ್ಕಳು ಚೆನ್ನಾಗಿ ಹೊಂದಿಕೊಂಡರು.

ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಜಿಲ್ಲೆ ನಮ್ಮದು. ತಮಟೆ ಕೇಳಿಸದೆ ಇಲ್ಲಿ ಮಗು ಬೆಳೆಯುವುದೇ ಇಲ್ಲ. ಊರಹಬ್ಬದ ದಿನ ಅವಳನ್ನು ಎತ್ತಿಕೊಂಡು ಹೋದಾಗ ಮೆರವಣಿಗೆಯಿಂದ ಮೂವತ್ತು ನಲವತ್ತು ಅಡಿ ದೂರವೇ ನಿಂತೆ, ಹತ್ತಿರದ ಸದ್ದು ಎಳೆಯ ಕಿವಿಗೆ ಆಗಿಬರುವುದಿಲ್ಲ. ಅಲ್ಲಿಂದಲೇ ಅವಳು ನನ್ನ ಸೊಂಟದ ಮೇಲೆ ಕುಪ್ಪಳಿಸಿದಳು. ಬಾರಿಸುವುದು ನಿಂತ ಮೇಲೆ ವಾದಕರು ಹುಲ್ಲಿಗೆ ಬೆಂಕಿಹಚ್ಚಿ ತಮಟೆಯ ಚರ್ಮ ಕಾಯಿಸುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು, "ಬಾ ತಾಯಿ, ಮುಟ್ಟಿ ನೋಡು" ಎಂದು ಅವಳ ಅಂಗೈಯನ್ನು ಆ ಬೆಚ್ಚನೆಯ ಚರ್ಮದ ಮೇಲಿಟ್ಟು, ಅಂಚಿನಲ್ಲಿ ಒಂದೇ ಬೆರಳಿನಿಂದ ಮೀಟಿದರು. ಚರ್ಮದ ನಡುಕ ಕೈಗೆ ತಗಲಿದ್ದೇ ಅವಳು ಕೈ ಹಿಂದೆಗೆದುಕೊಂಡು, ಅಂಗೈ ನೋಡಿಕೊಂಡು, ಮತ್ತೆ ಇಟ್ಟಳು.

ಈಗ ಅವಳಿಗೆ ಎರಡು ವರ್ಷ ನಾಲ್ಕು ತಿಂಗಳು. ನಾನು ಸ್ವಲ್ಪ ನಿಧಾನ ಮಾಡಿದರೆ ಐದಾರು ಪೆಟ್ಟುಗಳವರೆಗೆ ಜೊತೆಗೆ ಬಂದು, ಮತ್ತೆ ತನ್ನ ವೇಗಕ್ಕೆ ಜಾರುತ್ತಾಳೆ. "ತಕಿಟ" ಎಂದು ಬಾಯಲ್ಲಿ ಸರಿಯಾಗಿ ಹೇಳುತ್ತಾಳೆ, ಕರಟದಲ್ಲಿ ಮಾತ್ರ ಮೂರರ ಬದಲು ನಾಲ್ಕೋ ಐದೋ ಬೀಳುತ್ತವೆ. ನಾನು ತಿದ್ದುವುದಿಲ್ಲ. ನಿನ್ನೆ ಸಂಜೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಅಪ್ಪಾ, ತೋಂ" ಎಂದು ಹೇಳಿ, ನಾನು ಸುಮ್ಮನಾಗುವವರೆಗೆ ಕರಟ ಎತ್ತಿ ಹಿಡಿದೇ ಇದ್ದಳು.